ಬಾಟಲಿ ಇದೆ, ಲವಣ ಇಲ್ಲ

ದಸರಾ ರಜೆಯಲ್ಲಿ ರಸಾಯನಶಾಸ್ತ್ರ ಪ್ರಯೋಗಾಲಯದ ದಾಸ್ತಾನು ಪರಿಶೀಲನೆ ಮುಗಿಸಿ ಪ್ರಾಂಶುಪಾಲರಿಗೆ ಕೊಟ್ಟ ಪತ್ರ ಇದು. ವಿದ್ಯಾರ್ಥಿಗಳಿಗೂ ಸಂಬಂಧಿಸಿದ ವಿಷಯವಾದ್ದರಿಂದ ಅವರ ಅನುಮತಿ ಪಡೆದು ಇಲ್ಲಿ ಪ್ರಕಟಿಸುತ್ತಿದ್ದೇನೆ.

ಗೌರವಾನ್ವಿತ ಪ್ರಾಂಶುಪಾಲರಿಗೆ,

ದಾಸ್ತಾನು ಪುಸ್ತಕದ ಪ್ರಕಾರ ನಮ್ಮಲ್ಲಿ ಫೆರಸ್ ಅಮೋನಿಯಂ ಸಲ್ಫೇಟ್, ಅಂದರೆ ಮೋರ್ ಸಾಲ್ಟ್, 350 ಗ್ರಾಂ ಇದೆ. ತೂಗಿದೆ, ಹೆಚ್ಚುಕಡಿಮೆ ಅಷ್ಟೇ ಬಂತು. ಪುಸ್ತಕಕ್ಕೂ ತಕ್ಕಡಿಗೂ ಜಗಳವಿಲ್ಲ. ಆದರೂ ಹೊಸ ಬಾಟಲಿಗೆ ಹಣ ಕೇಳುತ್ತಿದ್ದೇನೆ. ಕಾರಣ ಹೇಳಬೇಕಾದದ್ದು ನನ್ನ ಕರ್ತವ್ಯ.

ಈ ಲವಣದ ಹರಳು ತಿಳಿಹಸಿರಾಗಿರಬೇಕು. ನಮ್ಮ ಬಾಟಲಿಯ ಮೇಲ್ಪದರ ಕಂದು ಹಳದಿಯಾಗಿ ಗಂಟುಕಟ್ಟಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಊರಿನಲ್ಲಿ ಗೋಡೆಯೇ ಬೆವರುತ್ತದೆ. ಮಳೆ ರಜೆ ಬಂದರೆ ಪ್ರಯೋಗಾಲಯದ ಕಿಟಕಿ ದಿನಗಟ್ಟಲೆ ತೆರೆಯುವುದಿಲ್ಲ. ಸಡಿಲ ಮುಚ್ಚಳದೊಳಗೆ ತೇವವೂ ಗಾಳಿಯೂ ಸೇರಿ ಫೆರಸ್ ಕಬ್ಬಿಣವನ್ನು ಫೆರಿಕ್ ಮಾಡುತ್ತವೆ. ಪರ್ಮಾಂಗನೇಟ್ ಜೊತೆ ವರ್ತಿಸುವುದು ಫೆರಸ್ ಮಾತ್ರ. ಫೆರಿಕ್ ಆದ ಭಾಗ ತಕ್ಕಡಿಯಲ್ಲಿ ತೂಗುತ್ತದೆ, ಬ್ಯೂರೆಟ್‌ಗೆ ಮಾತ್ರ ಅದು ಲೆಕ್ಕಕ್ಕಿಲ್ಲ.

ಬಣ್ಣ ನೋಡಿ ಹಣ ಕೇಳುವುದು ಸರಿಯಲ್ಲವೆಂದು ಪರೀಕ್ಷಿಸಿದೆ. ಹಳೆಯ ಬಾಟಲಿಯಿಂದ 3.92 ಗ್ರಾಂ ತೂಗಿ, ದುರ್ಬಲ ಸಲ್ಫ್ಯೂರಿಕ್ ಆಮ್ಲ ಬೆರೆಸಿದ ನೀರಿನಲ್ಲಿ ಕರಗಿಸಿ, 100 ಮಿ.ಲೀ. ಮಾಡಿದೆ. ತೂಕದ ಪ್ರಕಾರ ಅದು 0.1 ಮೋಲಾರ್. ಅದರಲ್ಲಿ 10 ಮಿ.ಲೀ. ತೆಗೆದುಕೊಂಡರೆ 0.02 ಮೋಲಾರ್ ಪರ್ಮಾಂಗನೇಟ್ 10 ಮಿ.ಲೀ. ಬೇಕು. ಮೂರು ಸಲವೂ 8.4ಕ್ಕೇ ಗುಲಾಬಿ ಬಣ್ಣ ನಿಂತಿತು. ತಪ್ಪು ಪರ್ಮಾಂಗನೇಟ್‌ನದೇ ಇರಬಹುದೆಂದು ಅದನ್ನು 0.05 ಮೋಲಾರ್ ಆಕ್ಸಾಲಿಕ್ ಆಮ್ಲದೊಂದಿಗೆ, ಬಿಸಿ ಮಾಡಿ, ಟೈಟ್ರೇಟ್ ಮಾಡಿದೆ. ಅಲ್ಲಿ ಸರಿಯಾಗಿ 10 ಬಂತು. ಅಂದರೆ ಮೋರ್ ಸಾಲ್ಟ್‌ನಲ್ಲಿ ನೂರಕ್ಕೆ ಹದಿನಾರು ಪಾಲು ಸತ್ತಿದೆ. ಈ ಲವಣವನ್ನು ನಂಬಿ ಲೆಕ್ಕ ಹಾಕಿದ ವಿದ್ಯಾರ್ಥಿಗೆ ಪರ್ಮಾಂಗನೇಟ್ 0.02ರ ಬದಲು 0.0238 ಎಂದು ಬರುತ್ತದೆ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ರಜೆಗೆ ಮುಂಚೆ ದ್ವಿತೀಯ ಪಿಯುಸಿಯ ಒಬ್ಬ ಹುಡುಗನಿಗೆ ಇದೇ 8.4 ಬಂದಿತ್ತು. ಪಿಪೆಟ್ ಹಿಡಿಯಲು ಬರುವುದಿಲ್ಲವೆಂದು ಗದರಿ, ನಾಲ್ಕು ಸಲ ಮಾಡಿಸಿದೆ. ಐದನೆಯ ಸಲ ಅವನು ಬ್ಯೂರೆಟ್ ನೋಡದೆಯೇ 10.0 ಎಂದು ಬರೆದುಕೊಂಡು ಬಂದ. ನಾನು ‘ಗುಡ್’ ಎಂದು ಸಹಿ ಹಾಕಿದೆ. ಕಂಡದ್ದನ್ನು ಬರೆದವನಿಗೆ ಬೈಗುಳ, ಕಾಣದ್ದನ್ನು ಬರೆದವನಿಗೆ ಸಹಿ. ಆ ಬಾಟಲಿ ಇನ್ನೊಂದು ವರ್ಷ ಕಪಾಟಿನಲ್ಲಿದ್ದರೆ ನಾವು ಕಲಿಸುವುದು ಇದನ್ನೇ. ಆ ಹುಡುಗನಲ್ಲಿ ಕ್ಷಮೆ ಕೇಳಿದ್ದೇನೆ.

ಎಷ್ಟು ಬೇಕು ಎಂಬುದರ ಲೆಕ್ಕ ಹೀಗಿದೆ. ನಾಲ್ಕು ಸಲ ಪಿಪೆಟ್ ಮಾಡಲು ಮತ್ತು ತೊಳೆಯಲು ಒಬ್ಬರಿಗೆ 50 ಮಿ.ಲೀ. ದ್ರಾವಣ ಸಾಕು. 80 ವಿದ್ಯಾರ್ಥಿಗಳಿಗೆ ನಾಲ್ಕು ಲೀಟರ್, ಲೀಟರಿಗೆ 39.2 ಗ್ರಾಂನಂತೆ ಸುಮಾರು 157 ಗ್ರಾಂ. ತರಗತಿಯಲ್ಲಿ ಎರಡು ಸುತ್ತು, ಪರೀಕ್ಷೆಗೆ ಒಂದು ಸುತ್ತು ಸೇರಿದರೆ 470 ಗ್ರಾಂ. ಹಾಗಾಗಿ 500 ಗ್ರಾಂನ ಒಂದೇ ಬಾಟಲಿ ಕೇಳುತ್ತೇನೆ. ಎರಡು ಬೇಡ, ಎರಡನೆಯದು ಮುಂದಿನ ಮಳೆಗಾಲಕ್ಕೆ ಬಲಿಯಾಗುತ್ತದೆ. ಇದೇ ರೋಗ ಫೆರಸ್ ಸಲ್ಫೇಟ್‌ಗೂ ತಗುಲಿದೆ. ನೈಟ್ರೇಟ್‌ನ ಕಂದು ಉಂಗುರ ಹಲವರಿಗೆ ಬಾರದಿರಲು ಅದೂ ಒಂದು ಕಾರಣ. ಅದರದ್ದೂ ಒಂದು ಬಾಟಲಿ ಬೇಕು.

ಸಿಲ್ವರ್ ನೈಟ್ರೇಟ್ ಮುಗಿಯುತ್ತಾ ಬಂದಿದೆ, ತರಿಸಿ ಎಂದು ಸಹೋದ್ಯೋಗಿಗಳು ಹೇಳಿದರು. ಪಟ್ಟಿಯಲ್ಲಿ ಅತಿ ದುಬಾರಿ ಅದೇ. ನಾನು ಕೇಳುವುದಿಲ್ಲ. ಉಳಿದ 6 ಗ್ರಾಂನಿಂದ 350 ಮಿ.ಲೀ. ದ್ರಾವಣವಾಗುತ್ತದೆ, ಹನಿಗಳಲ್ಲಿ ಸುಮಾರು ಏಳು ಸಾವಿರ. ಕ್ಲೋರೈಡ್ ಪರೀಕ್ಷೆಗೆ ಮೂರು ನಾಲ್ಕು ಹನಿ ಸಾಕಾದಲ್ಲಿ ಅರ್ಧ ಪ್ರನಾಳ ಸುರಿಯುವುದರಿಂದಲೇ ಅದು ಖಾಲಿಯಾಗುತ್ತಿದೆ. ಡ್ರಾಪರ್ ಇರುವ ನಾಲ್ಕು ಕಂದು ಬಾಟಲಿ ಕೊಡಿಸಿದರೆ ವರ್ಷ ಕಳೆಯುತ್ತದೆ. ಗಟ್ಟಿ ಮುದ್ದೆಯಾದ ಸೋಡಿಯಂ ಹೈಡ್ರಾಕ್ಸೈಡ್ ಕೂಡ ಬದಲಿಸಬೇಕಿಲ್ಲ. ತೂಗಿ ದ್ರಾವಣ ಮಾಡಲು ಅದು ಬಾರದು, ಆದರೆ ಲವಣದಲ್ಲಿ ಅಮೋನಿಯಂ ಇದೆಯೇ ಎಂದು ನೋಡಲು ಧಾರಾಳವಾಗಿ ಸಾಕು. ಹಳೆಯ ಮೋರ್ ಸಾಲ್ಟನ್ನೂ ಎಸೆಯುವುದಿಲ್ಲ. ಅದರಲ್ಲಿ ಅಮೋನಿಯಂ, ಸಲ್ಫೇಟ್ ಎರಡೂ ಹಾಗೆಯೇ ಇರುವುದರಿಂದ ಅಭ್ಯಾಸದ ಲವಣವಾಗಿ ಬಳಸುತ್ತೇವೆ. ‘ತೂಕಕ್ಕೆ ಅಲ್ಲ’ ಎಂದು ಚೀಟಿ ಅಂಟಿಸಿದ್ದೇನೆ.

ಇವುಗಳ ಜೊತೆಗೆ ಬಿಗಿ ಮುಚ್ಚಳದ ಎರಡು ಡಬ್ಬಿ, ಅರ್ಧ ಕಿಲೋ ನೀಲಿ ಸಿಲಿಕಾ ಜೆಲ್ ಬೇಕು. ತೇವ ಹೀರಿ ಅದು ಗುಲಾಬಿಯಾದರೆ ಬಿಸಿ ಮಾಡಿ ಮತ್ತೆ ನೀಲಿ ಮಾಡಬಹುದು. ಇದಿಲ್ಲದೆ ಹೊಸ ಲವಣ ತರಿಸಿದರೆ ಮುಂದಿನ ಅಕ್ಟೋಬರಿನಲ್ಲಿ ನಾನು ಇದೇ ಪತ್ರ ಬರೆಯಬೇಕಾಗುತ್ತದೆ.

ದಾಸ್ತಾನು ಪುಸ್ತಕದಲ್ಲಿ ಬಾಟಲಿ ತೆರೆದ ದಿನಾಂಕಕ್ಕೂ ಮಳೆಗಾಲದ ನಂತರದ ಪರೀಕ್ಷೆಯ ಫಲಿತಾಂಶಕ್ಕೂ ಎರಡು ಅಂಕಣ ಸೇರಿಸಿದ್ದೇನೆ. ಮೂರು ಅಂಗಡಿಗಳ ದರಪಟ್ಟಿ ಲಗತ್ತಿಸಿದೆ. ಪ್ರಾಯೋಗಿಕ ಪರೀಕ್ಷೆಯ ಅಭ್ಯಾಸ ಡಿಸೆಂಬರಿನಲ್ಲಿ ಆರಂಭಿಸಬೇಕಿರುವುದರಿಂದ ನವೆಂಬರ್ ಒಳಗೆ ಮಂಜೂರು ಮಾಡಿಸಿಕೊಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಪ್ರಯೋಗಾಲಯ ಉಸ್ತುವಾರಿ, ರಸಾಯನಶಾಸ್ತ್ರ ವಿಭಾಗ