ಪುಣ್ಯಾ ನನಗೊಬ್ಬಾಕಿಗೇ ಬ್ಯಾಡ್ರಿ

"ನಿನ್ನ ಪುಣ್ಯಾ ದೊಡ್ಡದವಾ, ಅವ್ವನ ಸೇವಾ ನಿನ್ನ ಪಾಲಿಗೆ ಬಂತು." ಮದುವಿ, ಮುಂಜಿವಿ, ಕುಬಸ, ಎಲ್ಲೆ ಹೋದ್ರೂ ಎರಡು ವರ್ಷದಿಂದ ಈ ಮಾತು ಕೇಳಿ ಕೇಳಿ ನನ್ನ ಕಿವಿ ತುಂಬ್ಯಾವ. ಹೇಳಿದವರು ಊಟಾ ಮಾಡಿ ಮನಿಗೆ ಹೋಗಿ ನಿದ್ದಿ ಮಾಡ್ತಾರ. ನಾ ರಾತ್ರಿ ಎರಡಕ್ಕ ಎದ್ದು ಅವ್ವನ್ನ ಮಗ್ಗಲಿಗೆ ಹೊರಳಿಸ್ತೀನಿ. ಕೆಲಸಾ ಹಂಚೋ ಮಾತು ಬರಬಾರದು ಅಂತ ಮೊದಲ ಪುಣ್ಯಾ ಹಂಚಿಬಿಡ್ತಾರ ನೋಡ್ರಿ, ಅದೂ ಒಬ್ಬರಿಗೇ! ನಂದು ಜಗಳಾ ಇರೋದು ಈ ಹೊಗಳಿಕಿ ಜೋಡಿ.

ಅವ್ವಗ 79. ಬಚ್ಚಲದಾಗ ಜಾರಿ ಬಿದ್ದು ಚಪ್ಪಿ ಎಲುಬು ಮುರೀತು, ಆಪರೇಷನ್ ಆತು, ಆದ್ರ ಆಮ್ಯಾಲೆ ತಾನಾಗೇ ಎದ್ದು ನಿಲ್ಲೋದು ಆಗಲಿಲ್ಲ. ಮಕ್ಕಳು ನಾವು ನಾಲ್ಕು ಮಂದಿ. ಅಣ್ಣ ಬೆಂಗಳೂರಾಗ, ತಮ್ಮ ಪುಣೆದಾಗ, ತಂಗಿ ಗದಗಿನಾಗ, ನಾ ಧಾರವಾಡದಾಗ. ಆಸ್ಪತ್ರಿ ನನ್ನ ಮನಿಗೆ ಸಮೀಪ ಇತ್ತು, ಅದಕ್ಕ ಅವ್ವ ನನ್ನ ಮನಿಗೆ ಬಂದ್ಲು. ಇದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ. ಯಾರೂ ಕೂತು ವಿಚಾರ ಮಾಡಿ ತೀರ್ಮಾನಾ ತಗೊಂಡಿದ್ದಲ್ಲ.

ಮೊದಲನೇ ವರ್ಷ ನಾ ಏನ ಮಾಡಿದೆ ಅಂದ್ರ, ಬೈದೆ. ನೇರ ಬೈಯಲಿಲ್ಲ, ಚುಚ್ಚಿದೆ. "ಹೂಂ, ನೀವೆಲ್ಲಾ ದೊಡ್ಡ ಮಂದಿ, ನಿಮಗ ಪುರುಸೊತ್ತು ಎಲ್ಲಿಂದ ಬರಬೇಕು" ಅಂತ. ಇದರಿಂದ ಒಂದು ರೂಪಾಯಿ ಬರಲಿಲ್ಲ. ಬದಲಿಗೆ ಅಣ್ಣನ ಫೋನ್ ವಾರಕ್ಕೊಮ್ಮೆ ಬರೋದು ತಿಂಗಳಿಗೊಮ್ಮೆ ಆತು. ಫೋನ್ ಮಾಡಿದ್ರ ತಪ್ಪಿತಸ್ಥನ ಹಂಗ ಕೂಡಬೇಕಾಗ್ತದಂದ್ರ ಯಾರರ ಯಾಕ ಮಾಡ್ತಾರ? ಫೋನ್ ಕಡಿಮಿ ಆದಷ್ಟು ಇಲ್ಲಿ ಸುದ್ದಿ ಅಲ್ಲಿ ಮುಟ್ಟೂದು ಕಡಿಮಿ, ಸುದ್ದಿ ಇಲ್ಲಂದ್ರ ಎಲ್ಲಾ ಸುಸೂತ್ರ ನಡದದ ಅಂತ ಅವರ ತಿಳುವಳಿಕಿ.

ಅದಕ್ಕ ಎಣ್ಣಿ ಹಾಕಿದವರು ನಾವೇ. ಅಣ್ಣ ಕೇಳಿದ್ರ ಅವ್ವ "ನಾ ಆರಾಮ ಇದ್ದೀನಪಾ, ನಿನ್ನ ಆರೋಗ್ಯ ನೋಡ್ಕೋ" ಅಂತಿದ್ಲು. ಅವ ದೀಪಾವಳಿಗೆ ಬಂದ್ರ ತಲಿ ಬಾಚಿಸ್ಕೊಂಡು, ಹೊಸಾ ಇಲಕಲ್ ಸೀರಿ ಉಟ್ಟು, ದಿಂಬಿಗೆ ಆನಿಕೊಂಡು ರಾಣಿ ಹಂಗ ಕೂತ್ಲು. ಅವ ಎರಡು ದಿನ ಇದ್ದು "ಅವ್ವ ಭಾಳ ಸುಧಾರಿಸ್ಯಾಳ" ಅಂತ ಹೇಳಿ ಬಸ್ ಹತ್ತಿದ. ಅವನ ಕಣ್ಣಿಗೆ ಕಂಡದ್ದು ಅಷ್ಟೇ ಇತ್ತು, ಅವಂದೇನು ತಪ್ಪು?

ಆಮ್ಯಾಲೆ ಒಂದು 200 ಪುಟದ ನೋಟ್‌ಬುಕ್ ತಂದೆ. ಪೂರಾ ಒಂದು ತಿಂಗಳು, ಎಡಕ್ಕ ರೊಕ್ಕ, ಬಲಕ್ಕ ತಾಸು ಬರೀತಾ ಹೋದೆ. ಹಗಲಿನ ಆಯಾಗ 15,000. ದಿನಕ್ಕ ಮೂರರಂಗ ಡೈಪರ್ 3,400. ಗುಳಿಗಿ ಔಷಧ 2,800. ದಿನ ಬಿಟ್ಟು ದಿನ ಬರೋ ಫಿಜಿಯೋಥೆರಪಿಯವ್ರಿಗೆ 400 ರಂಗ 15 ಸಲ, 6,000. ಒಟ್ಟು 27,200. ಅವ್ವನ ಅನ್ನ, ಹಾಲು, ಕರೆಂಟು ಬರೀಲಿಲ್ಲ. ಅದನ್ನ ಬರದ್ರ ಲೆಕ್ಕ ಹೋಗಿ ಜಗಳ ಆಗ್ತದ, ನನ್ನ ಮನ್ಯಾಗ ಅವ್ವ ಉಣ್ಣೋದಕ್ಕ ನಾ ಬಿಲ್ ಹಾಕಾಂಗಿಲ್ಲ. ಬಲಗಡೆ ಬರದದ್ದು ನೋಡಿ ನನಗೇ ಎದಿ ಝಲ್ ಅಂತು: 30 ರಾತ್ರಿಯೊಳಗ ಒಂದೂ ರಾತ್ರಿ ನಾ ನಾಲ್ಕು ತಾಸು ಒಂದೇ ಸವನೆ ಮಲಗಿದ್ದಿಲ್ಲ.

ಈಗ ಕೆಲವರಿಗೆ ಸಿಟ್ಟು ಬರೋ ಮಾತು ಹೇಳ್ತೀನಿ. ಮೊದಲು ಖರ್ಚಾಗಬೇಕಾದ್ದು ಅವ್ವನ ರೊಕ್ಕ. ಅಪ್ಪ ಸಾಲಿ ಮಾಸ್ತರ ಇದ್ದ, ಅವ್ವಗ ತಿಂಗಳಿಗೆ 14,200 ಕುಟುಂಬ ಪಿಂಚಣಿ ಬರ್ತದ. ಅದನ್ನ ಮುಟ್ಟಬಾರದು, ಎಫ್‌ಡಿ ಇಡಬೇಕು ಅಂತ ಅಣ್ಣನ ವಾದ. ಯಾರ ಸಲುವಾಗಿ? ಮುಂದ ನಾವು ನಾಲ್ಕು ಮಂದಿ ಹಂಚಿಕೊಳ್ಳೋದಕ್ಕಲ್ಲೇನು? ತಾಯಿ ಇದ್ದಾಗ ಆಕಿ ಡೈಪರ್‌ಗೆ ಚಂದಾ ಎತ್ತಿ, ಆಕಿ ರೊಕ್ಕ ಆಕಿ ಹೋದಮ್ಯಾಲೆ ಹಂಚಿಕೊಳ್ಳೋ ಮಂದಿಗೆ ಏನನ್ನಬೇಕು? ಪಿಂಚಣಿ ಕಳದ್ರ ಉಳಿಯೋದು 13,000. ಜಗಳಾ ಮಾಡೋದಿದ್ರ ಇದರ ಮ್ಯಾಲೆ ಮಾಡ್ರಿ.

ಗ್ರೂಪಿನ್ಯಾಗ ಹಾಕಲಿಲ್ಲ. ನಾಲ್ಕು ಮಂದಿ ಮುಂದ ಕೇಳಿದ್ರ ಮನಶ್ಯಾ ಮೊದಲ ತನ್ನ ಮರ್ಯಾದಿ ಉಳಿಸಿಕೊಳ್ಳೋಕೆ ಹೋಗ್ತಾನ. ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಫೋನ್ ಮಾಡಿದೆ. ಅಣ್ಣಗ ಹೇಳಿದ್ದು ಇಷ್ಟೇ: "ಅಣ್ಣಾ, ಲೆಕ್ಕದ ಫೋಟೋ ಕಳಿಸೀನಿ. ನಂಗ ತಿಂಗಳಾ 6,000 ನಿನ್ನ ಕಡಿಂದ ಬೇಕು, 5ನೇ ತಾರೀಖಿನೊಳಗ, ಅವ್ವನ ಖಾತೆಗೆ. ಅಷ್ಟು ಆಗದಿದ್ರ ಎಷ್ಟು ಆಗ್ತದ ಹೇಳು." ನೀ ಇಷ್ಟು ದಿನಾ ಯಾಕ ಕೊಟ್ಟಿಲ್ಲ ಅನ್ನೋದು ಬಾಯಿತನಕ ಬಂದಿತ್ತು, ನುಂಗಿದೆ. ನಾಲ್ಕು ದಿನ ಅಂವ ಮಾತಾಡಲಿಲ್ಲ. ಐದನೇ ದಿನ ವೈನಿ ಫೋನ್ ಮಾಡಿ, "ಇಷ್ಟು ಖರ್ಚು ಅಂತ ನಮಗ ಗೊತ್ತೇ ಇದ್ದಿಲ್ಲರೀ" ಅಂದ್ರು. ತಮ್ಮ 4,000 ಒಪ್ಪಿದ. ತಂಗಿ ಹೊಲಿಗಿ ಮಾಡ್ತಾಳ, ಆಕಿಗೆ 1,500, ನಂದು 1,500. ಸಮ ಅಲ್ಲ, ಗೊತ್ತದ. ಗಳಿಕಿ ಸಮ ಇಲ್ಲದಾಗ ಪಾಲು ಸಮ ಮಾಡಿದ್ರ ಸಣ್ಣಾಕಿ ಬಡ್ಡಿ ಸಾಲಾ ತಗೋಬೇಕಾಗ್ತದ.

ಆದ್ರ ರೊಕ್ಕದಿಂದ ನಿದ್ದಿ ಬರೂದಿಲ್ಲ. ರೊಕ್ಕ ಕೊಟ್ಟವರು "ನಾ ಕೊಟ್ಟೆನಲ್ಲ" ಅಂತ ಕೈ ತೊಳಕೊಳ್ಳೋದು ಇಲ್ಲೇ. ಅಣ್ಣ ಒಂದು ಉಪಾಯ ಹೇಳಿದ: ಮೂರು ಮೂರು ತಿಂಗಳು ಪಾಳಿ, ಅವ್ವನ್ನ ಒಬ್ಬೊಬ್ಬರ ಮನ್ಯಾಗ ಇಟ್ಟುಕೊಳ್ಳೋಣು. ಕೇಳಾಕ ನ್ಯಾಯ ಅನಸ್ತದ. ಆದ್ರ ಮಗ್ಗಲಾ ಹೊರಳಾಕೂ ಆಗದಾಕಿನ್ನ ಬೆಂಗಳೂರಿಗೆ ಒಯ್ಯೋದು, ಹೊಸಾ ಡಾಕ್ಟರ್, ಹೊಸಾ ಆಯಾ, ಕತ್ತಲದಾಗ ಗೋಡಿ ಯಾವ ಕಡಿ ಅಂತ ಗೊತ್ತಾಗದ ಹೊಸಾ ಖೋಲಿ. ಬ್ಯಾಡ ಅಂದೆ. ಅವ್ವ ಕದಲೋದಿಲ್ಲ, ಮಕ್ಕಳು ಕದಲ್ರಿ. ಈಗ ತಂಗಿ ಎರಡು ತಿಂಗಳಿಗೊಮ್ಮೆ ಎಂಟು ದಿನ ಬರ್ತಾಳ. ತಮ್ಮ ಪುಣೆಯಿಂದನ ಔಷಧ ತರಸ್ತಾನ, ಫಿಜಿಯೋಥೆರಪಿಯವ್ರ ಜೋಡಿ ಮಾತಾಡ್ತಾನ, ನವೆಂಬರ್‌ದಾಗ ಬಂದು ಪಿಂಚಣಿಯ ಜೀವಂತ ಪ್ರಮಾಣಪತ್ರ ಅವ್ವನ ಮುಖ ತೋರಿಸಿ ಫೋನಿನ್ಯಾಗನ ಮುಗಿಸಿ ಹೋದ. ಅದರ ಚಿಂತಿ ನನ್ನ ತಲ್ಯಾಗಿಂದ ಪೂರಾ ಹೋತು.

"ನಾ ಕೊಟ್ಟ ಹೆಣ್ಣು, ನಂದೇನು ಜವಾಬ್ದಾರಿ" ಅಂತ ತಂಗಿ ಮೊದಲ ಅಂದಿದ್ಲು. 2005ರಿಂದ ತವರಿನ ಆಸ್ತ್ಯಾಗ ನಮಗೂ ಸಮ ಪಾಲದ, 2007ರ ಹಿರಿಯ ನಾಗರಿಕರ ಕಾಯಿದೆಯೊಳಗ ಮಕ್ಕಳು ಅಂದ್ರ ಗಂಡೂ ಹೆಣ್ಣೂ ಎರಡೂ ಬರ್ತದ. ಆಕಿಗೆ ಇಷ್ಟೇ ಹೇಳಿದೆ. ಆದ್ರ ಆ ಕಾಯಿದೆ ತೋರಿಸಿ ಅಣ್ಣನ್ನ ಹೆದರಸ್ತೀನಂದ್ರ ಆಗೂದಿಲ್ಲ. ಅರ್ಜಿ ನಾ ನನ್ನ ಸಲುವಾಗಿ ಹಾಕೋ ಹಂಗಿಲ್ಲ, ಅದು ತಾಯಿಯ ಹಕ್ಕು. ಮಗನ ಮ್ಯಾಲೆ ಅರ್ಜಿ ಹಾಕು ಅಂದ್ರ ನಮ್ಮವ್ವ ನನ್ನ ಮನಿ ಬಿಟ್ಟು ಹೊಂಟಾಳು!

ನಾಲ್ಕನೇ ತಿಂಗಳು ಅಣ್ಣನ ರೊಕ್ಕ ಬರಲಿಲ್ಲ. 7ನೇ ತಾರೀಖಿಗೆ ನೋಟ್‌ಬುಕ್ಕಿನ ಫೋಟೋ ಕಳಿಸಿ, "ಈ ತಿಂಗಳು 6,000 ಕಡಿಮಿ ಬಿದ್ದದ, ಫಿಜಿಯೋಥೆರಪಿ ನಿಲ್ಲಿಸಲೇನು?" ಅಂತ ಬರದೆ. ಅವನ ಕಂಪನಿಯೊಳಗ ಪಗಾರ ತಡಾ ಆಗಿತ್ತಂತ, ನಾಚಿ ಹೇಳಿದ್ದಿಲ್ಲ. 2,000 ಹಾಕಿದ, ಉಳಿದದ್ದು ಮುಂದಿನ ತಿಂಗಳಾ ಬಂತು. ಆಮ್ಯಾಲೆ ಅವನೇ ಬ್ಯಾಂಕಿಗೆ ಹೇಳಿ 5ನೇ ತಾರೀಖಿಗೆ ತಾನಾಗೇ ಹೋಗೋ ಹಂಗ ಮಾಡ್ಯಾನ. ನೋಟ್‌ಬುಕ್ ಈಗ ಅಡಗಿಮನಿ ಮಾಡದಾಗ, ಪಂಚಾಂಗದ ಬಾಜು ಅದ. ತಂಗಿ ಬಂದಾಗ ಬಲಗಡೆ ತಾಸು ಆಕೀನ ಬರೀತಾಳ. ಹೋದ ಸಲಾ ಆಕಿ ಬರದದ್ದು ಓದಿದೆ: "ರಾತ್ರಿ ನಾಲ್ಕು ಸಲ ಎದ್ದೆ. ಅಕ್ಕ ಎದ್ದಿಲ್ಲ."