‘ಸೊಗಡು’ ಹಾಡಿದವಳದ್ದಲ್ಲ, ದೂರದಲ್ಲಿ ನಿಂತು ಕೇಳಿದವರದ್ದು

ಜನಪದ ಗೀತೆಗಳನ್ನು ಇಂಗ್ಲಿಷಿಗೆ ತರುವವರು ಎರಡು ಮಾತುಗಳನ್ನು ಪದೇ ಪದೇ ಹೇಳುತ್ತಾರೆ. ಒಂದು, ‘ಭಾಷೆಯ ಸೊಗಡು ಉಳಿಯುವುದಿಲ್ಲ’. ಇನ್ನೊಂದು, ‘ನಮ್ಮ ಸಂಬಂಧಸೂಚಕಗಳಿಗೆ ಇಂಗ್ಲಿಷಿನಲ್ಲಿ ಪದವಿಲ್ಲ’. ಎರಡೂ ವಿನಯದ ಮಾತುಗಳಂತೆ ಕೇಳಿಸುತ್ತವೆ. ನನ್ನ ತಕರಾರು ಇರುವುದು ಈ ವಿನಯದ ಮೇಲೆಯೇ. ಮೂಲವನ್ನು ಸರಿಯಾಗಿ ಓದದೆ ಬಿಟ್ಟದ್ದನ್ನು ಅದು ಬಹಳ ಸಲ ಮುಚ್ಚಿಡುತ್ತದೆ.

ಒಂದು ಬೀಸುವ ಪದವನ್ನೇ ಇಟ್ಟುಕೊಂಡು ಮಾತಾಡೋಣ. ನನ್ನ ಸಂಶೋಧನೆಗಾಗಿ ವಿಜಯಪುರ ಜಿಲ್ಲೆಯಲ್ಲಿ ಕೇಳಿ ಬರೆದುಕೊಂಡದ್ದು. ಹಾಡಿದವರು ಅಚ್ಚು ಮಾಡಬೇಡ ಎಂದಿದ್ದಾರೆ, ಆದ್ದರಿಂದ ಸಾಲುಗಳನ್ನು ಕೊಡದೆ ಅದರ ಸಂಗತಿಯನ್ನಷ್ಟೇ ಹೇಳುತ್ತೇನೆ. ನಾಗರಪಂಚಮಿ ಹತ್ತಿರ ಬಂದಿದೆ. ಸೊಸೆಯನ್ನು ತವರಿಗೆ ಕರೆದೊಯ್ಯಲು ಅಣ್ಣ ಬಂಡಿ ಕಟ್ಟಿಕೊಂಡು ಬಂದಿದ್ದಾನೆ. ಅತ್ತೆಗೆ ಕಳಿಸುವ ಮನಸ್ಸಿಲ್ಲ. ಆಗ ಸೊಸೆ ಹೇಳುತ್ತಾಳೆ: ಅತ್ತೀ, ನನ್ನಪ್ಪ ನಿನ್ನನ್ನು ಕರೆಯಲು ಬರುತ್ತಿದ್ದ ಕಾಲದಲ್ಲಿ ನೀನೂ ಹೀಗೇ ದಾರಿ ನೋಡಿದವಳಲ್ಲವೇ? ಹಾಡು ಇಷ್ಟೇ.

ಮೊದಲು ಆಡುಮಾತಿನ ವಿಷಯ. ಅಣ್ಣ ‘ಬಂದಾನ’ ಎನ್ನುತ್ತದೆ ಹಾಡು. ಮೈಸೂರು ಕಡೆಯ ಕನ್ನಡದಲ್ಲಿ ಬೆಳೆದ ಕಿವಿಗೆ ಇದು ‘ಬಂದಾನು’ ಎಂಬಂತೆ, ಬಂದರೂ ಬರಬಹುದು ಎಂಬಂತೆ ಕೇಳಿಸುತ್ತದೆ. ಆದರೆ ಉತ್ತರ ಕರ್ನಾಟಕದಲ್ಲಿ ‘ಬಂದಾನ’ ಎಂದರೆ ಬಂದಿದ್ದಾನೆ. ಬಂಡಿ ಆಗಲೇ ಬಾಗಿಲಲ್ಲಿ ನಿಂತಿದೆ, ಎತ್ತುಗಳು ಕಾಯುತ್ತಿವೆ, ಅತ್ತೆ ಈ ಗಳಿಗೆಯಲ್ಲೇ ಏನಾದರೂ ಹೇಳಬೇಕು. ‘ಬರಬಹುದು’ ಎಂದು ಅನುವಾದಿಸಿದರೆ ಬಾಗಿಲಲ್ಲಿರುವ ಬಂಡಿ ಮಾಯವಾಗಿ ಇಡೀ ಹಾಡು ಒಂದು ಹಗಲುಗನಸಾಗುತ್ತದೆ. ‘ಯಾಕ ಕಳಸವಲ್ಲಿ’ ಎಂಬುದರ ಕಥೆಯೂ ಇದೇ. ಅದು ಬರೀ ‘ಯಾಕೆ ಕಳಿಸುವುದಿಲ್ಲ’ ಅಲ್ಲ. ಅದರಲ್ಲಿ ‘ಒಲ್ಲೆ’ ಇದೆ, ಮನಸ್ಸಿಲ್ಲದಿರುವುದು ಇದೆ. ಸೊಸೆ ಕೇಳುತ್ತಿರುವುದು ಅನುಮತಿಯನ್ನಲ್ಲ, ಕಾರಣವನ್ನು: ನಿನಗೆ ಯಾಕೆ ಮನಸ್ಸು ಬಾರದು?

ಇವೆರಡೂ ಸೊಗಡಲ್ಲ, ವ್ಯಾಕರಣ. ಕಾಲ ಯಾವುದು, ಇಚ್ಛೆ ಯಾರದು ಎಂಬುದನ್ನು ಹೇಳುವ ರೂಪಗಳು. ‘ಬಂದಾನ’ವನ್ನು ಇಂಗ್ಲಿಷಿನಲ್ಲಿ ನೇರವಾಗಿ ‘ಹ್ಯಾಸ್ ಕಮ್’ ಎಂದು ಬರೆಯಬಹುದು, ಏನೂ ನಷ್ಟವಿಲ್ಲ. ಹೀಗೆ ನೇರವಾಗಿ ಬರೆದ ನನ್ನ ಕರಡಿಗೆ ಒಂದು ಪತ್ರಿಕೆಯ ಪರಿಶೀಲಕರು ‘ಇಂಗ್ಲಿಷ್ ತೀರಾ ಶಿಷ್ಟವಾಯಿತು, ಸ್ವಲ್ಪ ಹಳ್ಳಿಯ ಧಾಟಿ ಬರಲಿ’ ಎಂದು ಟಿಪ್ಪಣಿ ಹಾಕಿದರು. ‘ಐನ್ಟ್’ ಸೇರಿಸಬೇಕು, ‘ಕಮಿಂಗ್’ ಅನ್ನು ‘ಕಮಿನ್’ ಮಾಡಬೇಕು ಎಂಬುದು ಸಲಹೆ.

ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಸೊಗಡು ಎಂದರೆ ವಾಸನೆ, ಅವರೆಕಾಯಿಗೆ ಇರುವಂಥದ್ದು. ಬುಟ್ಟಿಯ ಪಕ್ಕದಲ್ಲೇ ಕೂತವರಿಗೆ ಅದು ಗೊತ್ತಾಗುವುದಿಲ್ಲ, ಹೊರಗಿನಿಂದ ಬಂದವರ ಮೂಗಿಗೆ ಬಡಿಯುತ್ತದೆ. ಬೀಸುತ್ತ ಹಾಡಿದ ಹೆಂಗಸಿಗೆ ತನ್ನ ಮಾತಿನಲ್ಲಿ ಯಾವ ಸೊಗಡೂ ಇಲ್ಲ, ಅದು ಅವಳ ಪೂರ್ತಿ ಭಾಷೆ. ಎದುರಿಗೆ ಕೂತು ಕೇಳುವವಳಿಗೂ ಹಾಗೆಯೇ. ಅವರಿಬ್ಬರ ನಡುವೆ ಸಹಜವಾಗಿದ್ದ ಮಾತನ್ನು ಇಂಗ್ಲಿಷಿನಲ್ಲಿ ತಪ್ಪು ಇಂಗ್ಲಿಷಾಗಿ ಬರೆದರೆ ಬೆಂಗಳೂರಿನ ಓದುಗ ವಿಜಯಪುರದ ಕಡೆ ನೋಡುವ ನೋಟವನ್ನು ಅನುವಾದಿಸಿದಂತಾಗುತ್ತದೆ. ಹಾಡು ಅಲ್ಲೇ ಉಳಿಯುತ್ತದೆ.

ಈಗ ‘ಅತ್ತಿ’. ಇಂಗ್ಲಿಷಿನವರು ‘ಮದರ್-ಇನ್-ಲಾ’ ಎಂದು ಬರೆದು ಮುಂದೆ ಹೋಗುತ್ತಾರೆ. ಇದು ಬೇಡವೆನಿಸಿದವರು ‘ಅತ್ತೆ’ಯನ್ನು ಹಾಗೇ ಉಳಿಸಿ, ಓರೆ ಅಕ್ಷರದಲ್ಲಿ ಅಚ್ಚು ಮಾಡಿ, ಪುಸ್ತಕದ ಕೊನೆಯ ಪದಕೋಶದಲ್ಲಿ ಮತ್ತೆ ‘ಮದರ್-ಇನ್-ಲಾ’ ಎಂದೇ ಅರ್ಥ ಕೊಡುತ್ತಾರೆ. ಎರಡನೆಯದು ಹೆಚ್ಚು ಪ್ರಾಮಾಣಿಕ ಎಂಬ ನಂಬಿಕೆಯಿದೆ. ನನಗೆ ಎರಡೂ ಒಂದೇ.

ಕನ್ನಡದ ‘ಅತ್ತೆ’ ಮೂವರು ಹೆಂಗಸರನ್ನು ಹಿಡಿಯುತ್ತದೆ: ಅಪ್ಪನ ಅಕ್ಕತಂಗಿಯರು, ಸೋದರಮಾವನ ಹೆಂಡತಿ, ಗಂಡನ ತಾಯಿ. ಇದು ಪದಗಳ ಬಡತನದಿಂದ ಆದದ್ದಲ್ಲ. ಸೋದರತ್ತೆಯ ಮಗನನ್ನೋ ಸೋದರಮಾವನ ಮಗನನ್ನೋ ಮದುವೆಯಾಗುವ ರೂಢಿಯಿರುವ ಕಡೆ ಈ ಮೂವರಲ್ಲಿ ಇಬ್ಬರು ಒಬ್ಬಳೇ ಆಗಿರುವುದುಂಟು. ಥಾಮಸ್ ಟ್ರೌಟ್‌ಮನ್ 1981ರಲ್ಲಿ ಪ್ರಕಟಿಸಿದ ‘ದ್ರವಿಡಿಯನ್ ಕಿನ್‌ಷಿಪ್’ ಈ ಏರ್ಪಾಡನ್ನು ವಿವರವಾಗಿ ಬಿಡಿಸಿಟ್ಟಿದೆ. ಮಾನವಶಾಸ್ತ್ರದವರಿಗೆ ಹಳೆಯದಾದ ಈ ಸಂಗತಿ ಅನುವಾದಕರ ಮೇಜಿಗೆ ಬರಲಿಲ್ಲ.

ಹಾಡಿಗೆ ಮರಳಿದರೆ ಇದರ ಬೆಲೆ ತಿಳಿಯುತ್ತದೆ. ‘ನನ್ನಪ್ಪ ನಿನ್ನನ್ನು ಕರೆಯಲು ಬರುತ್ತಿದ್ದ’ ಎಂಬ ಮಾತು ಗಂಟನ್ನು ಬಿಚ್ಚುತ್ತದೆ. ಪಂಚಮಿಗೆ ಹೆಣ್ಣುಮಗಳನ್ನು ಕರೆಯಲು ಬರುವವನು ಅವಳ ಅಣ್ಣ ಅಥವಾ ತಮ್ಮ. ಅಂದರೆ ಈ ಅತ್ತೆ ಸೊಸೆಯ ಅಪ್ಪನ ಒಡಹುಟ್ಟು. ಇಬ್ಬರ ತವರೂ ಒಂದೇ ಮನೆ. ಬಾಗಿಲಲ್ಲಿ ನಿಂತ ಬಂಡಿ ಅತ್ತೆಯ ತವರಿನಿಂದಲೂ ಬಂದ ಬಂಡಿ. ಸೊಸೆಯ ವಾದವೆಲ್ಲ ‘ಅತ್ತೀ’ ಎಂಬ ಒಂದು ಕರೆಯಲ್ಲಿದೆ. ‘ಮದರ್-ಇನ್-ಲಾ’ ಎಂದ ಕೂಡಲೇ ಎದುರಿಗೆ ನಿಲ್ಲುವುದು ಒಬ್ಬ ಗಟ್ಟಿ ಹೆಂಗಸು, ಅವಳ ಮುಂದೆ ಬೇಡುವ ಒಬ್ಬ ಹುಡುಗಿ. ಆಮೇಲೆ ಬರುವ ‘ನನ್ನಪ್ಪ’ ಯಾಕೆ ಬಂದ ಎಂದು ಇಂಗ್ಲಿಷ್ ಓದುಗರಿಗೆ ತಿಳಿಯುವುದೇ ಇಲ್ಲ.

ಹಾಗಾದರೆ ಏನು ಮಾಡಬಹುದು? ಪದ ಇಲ್ಲಿ ಎರಡು ಕೆಲಸ ಮಾಡುತ್ತಿದೆ: ಗಂಡನ ತಾಯಿ ಎನ್ನುತ್ತದೆ, ಅಪ್ಪನ ಒಡಹುಟ್ಟು ಎನ್ನುತ್ತದೆ. ಮೊದಲನೆಯದನ್ನು ಹಾಡಿನ ಸಂದರ್ಭವೇ ಹೇಳುತ್ತಿದೆ. ಕರೆಯಲು ಬಂಡಿ ಬಂದಿದೆ, ಕಳಿಸುವುದು ಬಿಡುವುದು ಇವಳ ಕೈಯಲ್ಲಿದೆ ಎಂದಮೇಲೆ ಇವಳು ಯಾರೆಂದು ಯಾವ ಊರಿನ ಓದುಗರಿಗಾದರೂ ತಿಳಿಯುತ್ತದೆ. ಆದ್ದರಿಂದ ಇಂಗ್ಲಿಷಿನ ಪದ ಎರಡನೆಯ ಕೆಲಸ ಮಾಡಿದರೆ ಸಾಕು: ‘ಮೈ ಫಾದರ್ಸ್ ಸಿಸ್ಟರ್’. ಇದು ಉದ್ದ, ನಿಜ. ತ್ರಿಪದಿಯಲ್ಲಿ ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು ಗಣ, ಮೂರನೆಯದಕ್ಕೆ ಮೂರೇ. ಏಟು ಬೀಳುವುದು ಆ ಗಿಡ್ಡ ಸಾಲಿನಲ್ಲಿ. ಹಾಗಾಗಿ ಉದ್ದದ ಕರೆಯನ್ನು ಮೊದಲ ಸಾಲಿಗೇ ತಂದೆ, ಕೊನೆಯ ಸಾಲನ್ನು ಚಿಕ್ಕದಾಗಿಯೇ ಉಳಿಸಿದೆ.

ಇದು ಎಲ್ಲ ಹಾಡಿಗೂ ಹಚ್ಚುವ ಮುಲಾಮಲ್ಲ. ಅತ್ತೆ ಹೊರಗಿನ ಮನೆತನದವಳಾಗಿರುವ ಹಾಡುಗಳು ಬೇಕಾದಷ್ಟಿವೆ, ಅಲ್ಲಿ ‘ಮದರ್-ಇನ್-ಲಾ’ ಸರಿಯಾದ ಪದವೇ. ಯಾವುದು ಯಾವುದೆಂದು ಹೇಳುವುದು ನಿಘಂಟಲ್ಲ. ಹಾಡಿನೊಳಗೆ ಯಾರು ಯಾರನ್ನು ಕರೆಯಲು ಬರುತ್ತಾರೆ, ಯಾರ ತವರು ಎಲ್ಲಿ ಎಂದು ಹುಡುಕಬೇಕು. ಹಾಡಿದವರನ್ನು ಕೇಳಬೇಕು.

ಕೇಳಿದಾಗ ಇನ್ನೊಂದು ವಿಷಯ ತಿಳಿಯಿತು. ನನಗೆ ಈ ಪದ ಹಾಡಿದ ಇಬ್ಬರಲ್ಲಿ ಒಬ್ಬರು ಸಂಬಂಧದ ಹೊರಗೆ ಮದುವೆಯಾದವರು. ಅವರ ಅತ್ತೆಗೂ ಅವರ ಅಪ್ಪನಿಗೂ ರಕ್ತದ ನಂಟಿಲ್ಲ. ಆದರೂ ಹಾಡುತ್ತಾರೆ. ಹೇಗೆ ಎಂದರೆ, ‘ಅತ್ತಿ ಅಂದಮ್ಯಾಲೆ ಅತ್ತೀನ’ ಎಂದರು. ಇಲ್ಲದ ನಂಟನ್ನು ಪದದ ಬಲದಿಂದಲೇ ಹುಟ್ಟಿಸಿ, ಅದರ ಮೇಲೆ ಹಕ್ಕು ಕೇಳುವ ಜಾಣತನ ಅದು. ನನ್ನ ‘ಮೈ ಫಾದರ್ಸ್ ಸಿಸ್ಟರ್’ ಈ ಹೆಂಗಸಿಗೆ ಬಾಗಿಲು ಮುಚ್ಚಿಬಿಡುತ್ತದೆ. ಇಂಗ್ಲಿಷಿನಲ್ಲಿ ನಿಜವಾಗಿ ಆಗದೆ ಉಳಿದದ್ದು ಇದು. ಅದನ್ನು ಪದಕೋಶಕ್ಕೆ ತಳ್ಳದೆ, ಕನ್ನಡದಲ್ಲಿ ಈ ಇಬ್ಬರಿಗೂ ಒಂದೇ ಹೆಸರು ಎಂದು ಹಾಡಿನ ಮೇಲೆ ಎರಡು ಸಾಲು ಬರೆದಿದ್ದೇನೆ. ಓದುಗರು ಅದನ್ನು ಮೊದಲು ಓದಿ ಹಾಡಿಗೆ ಬರಲಿ.

‘ಅನುವಾದವಾಗದು’ ಎಂದು ಶುರುವಿನಲ್ಲೇ ಕೈಚೆಲ್ಲುವವರಿಗೂ ನನಗೂ ಜಗಳ ಇಷ್ಟೇ. ಏನೇನು ಆಗುತ್ತದೆ ಎಂದು ಒಂದೊಂದಾಗಿ ಮಾಡಿ ನೋಡಿದ ಮೇಲೆ ಏನು ಆಗಲಿಲ್ಲ ಎಂದು ಬೆರಳಿಟ್ಟು ತೋರಿಸಬಹುದು. ಅದಕ್ಕೂ ಮೊದಲೇ ಸೊಗಡು ಹೋಯಿತೆಂದು ಅಳುವವರು ಬಂಡಿ ಬಂದಿದೆಯೋ ಇಲ್ಲವೋ ಎಂಬುದನ್ನೇ ನೋಡಿಲ್ಲ.