ಮಧ್ಯದ ಬ್ಯಾಂಕಿನ ಕತ್ತರಿ ಮತ್ತು ನಮ್ಮ ಇನ್‌ವಾಯ್ಸಿನ ಮೌನ

ಹೊರದೇಶದ ಕ್ಲೈಂಟುಗಳಿಗೆ ಕೆಲಸ ಮಾಡಿಕೊಡುವ ಗೆಳೆಯರ ಇನ್‌ವಾಯ್ಸುಗಳನ್ನು ಈಚೆಗೆ ಒಂದಷ್ಟು ನೋಡಿದೆ. ಲೋಗೋ ಚೆನ್ನಾಗಿರತ್ತೆ, ಅಕೌಂಟ್ ನಂಬರ್, ಸ್ವಿಫ್ಟ್ ಕೋಡ್ ಎಲ್ಲಾ ಸರಿಯಾಗಿರತ್ತೆ. ಇಲ್ಲದೇ ಇರೋದು ಒಂದೇ ಒಂದು ಸಾಲು. ದುಡ್ಡು ಅಲ್ಲಿಂದ ಇಲ್ಲಿಗೆ ಬರೋ ದಾರಿಯಲ್ಲಿ ಬ್ಯಾಂಕುಗಳು ಮುರಿದುಕೊಳ್ಳೋದು ಯಾರ ಲೆಕ್ಕಕ್ಕೆ? ಕೆಲವರು "ಬ್ಯಾಂಕ್ ಚಾರ್ಜಸ್ ಎಕ್ಸ್‌ಟ್ರಾ" ಅಂತ ಮೂರು ಪದ ಬರೆದು ಕೈ ತೊಳೆದುಕೊಂಡಿರುತ್ತಾರೆ. ಉಳಿದವರು ಅದನ್ನೂ ಬರೆಯಲ್ಲ.

ಕೇಳಿದರೆ "ಇಪ್ಪತ್ತು ಡಾಲರಿಗೆಲ್ಲಾ ಕ್ಲೈಂಟ್ ಹತ್ರ ಚೌಕಾಸಿ ಮಾಡೋಕಾಗತ್ತಾ ಗುರೂ" ಅನ್ನುವ ಉತ್ತರ. ಅಲ್ಲಾ ಸ್ವಾಮಿ, ಮಂಡಿಗೆ ಅಡಿಕೆ ಹಾಕುವ ರೈತ ಕೂಡ ಹಮಾಲಿ ಯಾರದು, ಸಾಗಾಟ ಯಾರದು ಅಂತ ಕೇಳಿಯೇ ಮೂಟೆ ಇಳಿಸೋದು. ಅದನ್ನು ಯಾರೂ ಚೌಕಾಸಿ ಅನ್ನಲ್ಲ. ನಾವು ಇಂಜಿನಿಯರಿಂಗ್ ಓದಿದವರು ಮಾತ್ರ ಇಲ್ಲಿ ದಾಕ್ಷಿಣ್ಯದ ಮುದ್ದೆ ಆಗಿಬಿಡ್ತೀವಿ.

ನನ್ನ ಪ್ರಕಾರ ಇದು ದಾಕ್ಷಿಣ್ಯದ ವಿಷಯವೇ ಅಲ್ಲ. ನೀವು ಬರೆಯದಿದ್ದರೆ ಆ ಪ್ರಶ್ನೆ ಖಾಲಿ ಉಳಿಯಲ್ಲ, ಉತ್ತರವನ್ನು ಕ್ಲೈಂಟಿನ ಬ್ಯಾಂಕಿನ ಫಾರ್ಮ್ ತುಂಬಿಬಿಡತ್ತೆ. ಆ ಉತ್ತರ ಸಾಮಾನ್ಯವಾಗಿ ನಿಮ್ಮ ಜೇಬಿನದು.

ಹೇಗೆ ಅಂತ ನೋಡೋಣ. ವಿದೇಶಕ್ಕೆ ಹಣ ಕಳಿಸುವ ಪ್ರತೀ ಆದೇಶದಲ್ಲೂ ಚಾರ್ಜ್ ಯಾರದು ಅನ್ನೋದಕ್ಕೆ ಒಂದು ಜಾಗ ಇರತ್ತೆ. ಅಲ್ಲಿ ಮೂರೇ ಉತ್ತರ. `OUR` ಅಂದರೆ ಎಲ್ಲಾ ಖರ್ಚು ಕಳಿಸುವವನದು. `BEN` ಅಂದರೆ ಎಲ್ಲಾ ಪಡೆಯುವವನದು. `SHA` ಅಂದರೆ ಹಂಚಿಕೆ. ಹಂಚಿಕೆ ಅಂದ ತಕ್ಷಣ ಅರ್ಧ ಅರ್ಧ ಅಂದುಕೊಳ್ಳಬೇಡಿ. ಕಳಿಸುವವನು ತನ್ನ ಬ್ಯಾಂಕಿನ ಫೀ ಮಾತ್ರ ಕೊಡುತ್ತಾನೆ. ಆಮೇಲೆ ದಾರಿಯಲ್ಲಿ ಎಷ್ಟು ಬ್ಯಾಂಕು ಸಿಕ್ಕರೂ ಅವುಗಳ ಪಾಲೆಲ್ಲಾ ನಿಮ್ಮ ದುಡ್ಡಿನಲ್ಲೇ ಮುರಿದುಹೋಗತ್ತೆ. ಯಾರೂ ಏನೂ ಹೇಳದಿದ್ದರೆ ಸಾಮಾನ್ಯವಾಗಿ ಬೀಳೋದು ಈ `SHA`.

ದಾರಿಯಲ್ಲಿ ಬ್ಯಾಂಕು ಯಾಕೆ ಬೇಕು? ಅಮೆರಿಕದ ಯಾವುದೋ ಸಣ್ಣ ಊರಿನ ಬ್ಯಾಂಕಿಗೂ ನಮ್ಮ ಮೈಸೂರಿನ ಶಾಖೆಗೂ ನೇರ ಲೆಕ್ಕ ಇರಲ್ಲ. ನಮ್ಮ ಬ್ಯಾಂಕು ಡಾಲರ್ ಪಡೆಯಲೆಂದೇ ನ್ಯೂಯಾರ್ಕಿನಂಥ ಕಡೆ ಒಂದು ದೊಡ್ಡ ಬ್ಯಾಂಕಿನಲ್ಲಿ ಖಾತೆ ಇಟ್ಟಿರತ್ತೆ, ಅದಕ್ಕೆ ನಾಸ್ಟ್ರೋ ಖಾತೆ ಅಂತಾರೆ. ಸಣ್ಣ ಬ್ಯಾಂಕು ತನ್ನ ಪರಿಚಯದ ಇನ್ನೊಂದು ಬ್ಯಾಂಕಿನ ಮೂಲಕ ಅಲ್ಲಿಗೆ ದುಡ್ಡು ತಲುಪಿಸತ್ತೆ. ಹೀಗೆ ಒಬ್ಬರೋ ಇಬ್ಬರೋ ಮಧ್ಯವರ್ತಿಗಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋ ಗಾದೆ ಇದಕ್ಕೇ ಮಾಡಿದ ಹಾಗಿದೆ :-)

ಈಗ ಒಂದು ಲೆಕ್ಕ. ಮೈಸೂರಿನಲ್ಲಿ ಕೂತು ಕೆಲಸ ಮಾಡುವ ಗೆಳೆಯನೊಬ್ಬ ಅಮೆರಿಕದ ಸಣ್ಣ ಕಂಪನಿಗೆ 2,000 ಡಾಲರಿನ ಇನ್‌ವಾಯ್ಸ್ ಕಳಿಸಿದ. ಕ್ಲೈಂಟ್ ತನ್ನ ಬ್ಯಾಂಕಿಗೆ ಬೇರೆಯಾಗಿ 45 ಡಾಲರ್ ಫೀ ಕಟ್ಟಿ ಪೂರ್ತಿ 2,000 ಕಳಿಸಿದ. ಮೊದಲ ಮಧ್ಯವರ್ತಿ 15, ನಾಸ್ಟ್ರೋ ಇರುವ ಬ್ಯಾಂಕು 10 ಮುರಿದುಕೊಂಡವು. ಮೈಸೂರಿಗೆ ಬಂದದ್ದು 1,975.

ಇವನು "25 ಡಾಲರ್ ಕಮ್ಮಿ ಬಂದಿದೆ" ಅಂತ ಮೇಲ್ ಹಾಕಿದ. ಅವನು ತನ್ನ ಬ್ಯಾಂಕಿನ ರಸೀದಿ ಕಳಿಸಿ "ನೋಡಪ್ಪಾ, 2,000 ಹೋಗಿದೆ" ಅಂದ. ಇವನು ತನ್ನ ಬ್ಯಾಂಕಿನ ಕಾಗದ ತೋರಿಸಿ "1,975 ಬಂದಿದೆ" ಅಂದ. ತಮಾಷೆ ಏನಂದ್ರೆ ಇಬ್ಬರೂ ಸತ್ಯವನ್ನೇ ಹೇಳ್ತಾ ಇದ್ದಾರೆ. ಕಳಿಸಿದ ಬ್ಯಾಂಕಿನ ರಸೀದಿಯಲ್ಲಿ ಮಧ್ಯದ ಕತ್ತರಿ ಕಾಣೋದೇ ಇಲ್ಲ, ಯಾಕೆಂದರೆ ಕತ್ತರಿ ಬಿದ್ದದ್ದು ಆಮೇಲೆ. ಇಂಥ ಜಗಳದಲ್ಲಿ ಸುಳ್ಳುಗಾರ ಯಾರೂ ಇಲ್ಲ. ಇರೋದು ಬರೆಯದೇ ಬಿಟ್ಟ ಒಂದು ಷರತ್ತು ಅಷ್ಟೇ.

ಕತ್ತರಿ ಎಲ್ಲಿ ಬಿತ್ತು ಅಂತ ತಿಳಿಯೋದು ಕಷ್ಟವಲ್ಲ. ನಿಮ್ಮ ಬ್ಯಾಂಕಿಗೆ ಬಂದ ಸಂದೇಶದ ಪ್ರತಿ ಕೇಳಿ. 2025ರ ನವೆಂಬರಿನಲ್ಲಿ ಬ್ಯಾಂಕುಗಳ ನಡುವಿನ ಹಳೆಯ `MT103` ಪಾವತಿ ಸಂದೇಶದ ಕಾಲ ಮುಗಿದು, ಹೊಸ ನಮೂನೆಯಾದ `pacs.008` ಪೂರ್ತಿ ಜಾರಿಗೆ ಬಂತು. ಅದರಲ್ಲಿ ನೋಡಬೇಕಾದ್ದು ಮೂರು ಸಾಲು:

```
InstdAmt         USD 2000.00
IntrBkSttlmAmt   USD 1975.00
ChrgBr           SHAR
```

ಮೊದಲನೆಯದು ಕ್ಲೈಂಟ್ ಕಳಿಸು ಅಂದದ್ದು. ಎರಡನೆಯದು ನಿಮ್ಮ ಬ್ಯಾಂಕಿಗೆ ನಿಜವಾಗಿ ಬಂದದ್ದು. ಮೂರನೆಯದು ಚಾರ್ಜ್ ಯಾರದು ಅನ್ನೋ ಉತ್ತರ. ಹೊಸ ನಮೂನೆಯಲ್ಲಿ `OUR` ಇದ್ದದ್ದು `DEBT`, `SHA` ಇದ್ದದ್ದು `SHAR`, `BEN` ಇದ್ದದ್ದು `CRED` ಆಗಿದೆ. ಇದರ ಜೊತೆ `UETR` ಅನ್ನೋ 36 ಅಕ್ಷರದ ಗುರುತು ಇರತ್ತೆ, ಅದನ್ನು ಕ್ಲೈಂಟಿನ ಬ್ಯಾಂಕಿನಿಂದಲೂ ಕೇಳಿ ಪಡೆಯಬಹುದು. ಅದನ್ನು ಹಿಡಿದು ಹೋದರೆ ಹಣ ಯಾವ ಬ್ಯಾಂಕಿನ ಮೂಲಕ ಬಂತು ಅಂತ ನಿಮ್ಮ ಬ್ಯಾಂಕು ಪತ್ತೆ ಹಚ್ಚಬಹುದು. ಕೌಂಟರಿನಲ್ಲಿ ಇರುವವರಿಗೆ ಗೊತ್ತಿಲ್ಲದಿದ್ದರೆ ವಿದೇಶಿ ವಿನಿಮಯ ವಿಭಾಗಕ್ಕೆ ಬರೆಯಿರಿ.

ಇಲ್ಲಿ ನಮ್ಮವರ ಇನ್ನೊಂದು ವಾದವನ್ನೂ ಬಿಡಬಾರದು. "ಕೈಗೆ ಬಂದದ್ದು ಕಮ್ಮಿ, ಎಲ್ಲಾ ಕ್ಲೈಂಟೇ ಕೊಡಲಿ" ಅನ್ನೋರೂ ಇದ್ದಾರೆ. ಅದೂ ಅನ್ಯಾಯವೇ. ಮೇಲಿನ ಲೆಕ್ಕವನ್ನೇ ಮುಂದುವರಿಸೋಣ. ಮಾರುಕಟ್ಟೆ ದರ ಡಾಲರಿಗೆ 90 ರೂಪಾಯಿ, ಬ್ಯಾಂಕು ಕೊಟ್ಟದ್ದು 89.20 ಅಂತ ಇಟ್ಟುಕೊಳ್ಳಿ (ಲೆಕ್ಕಕ್ಕೆ ಮಾತ್ರ). 1,975 ಡಾಲರಿಗೆ 1,76,170 ರೂಪಾಯಿ ಬಂತು. ದರದ ವ್ಯತ್ಯಾಸದಲ್ಲಿ ಹೋದದ್ದು 1,580 ರೂಪಾಯಿ. ಕರೆನ್ಸಿ ಬದಲಾವಣೆ ಮೇಲೆ ಜಿಎಸ್‌ಟಿ ಉಂಟು: ಒಂದರಿಂದ ಹತ್ತು ಲಕ್ಷದ ಒಳಗಿನ ಮೊತ್ತಕ್ಕೆ 1,000 ರೂಪಾಯಿ, ಜೊತೆಗೆ ಲಕ್ಷ ದಾಟಿದ ಭಾಗದ ಶೇಕಡಾ ಅರ್ಧ, ಇದನ್ನು ಸೇವೆಯ ಬೆಲೆ ಅಂತ ಹಿಡಿದು ಅದರ ಮೇಲೆ ಶೇಕಡಾ 18. ಇಲ್ಲಿ ಅದು ಸುಮಾರು 249 ರೂಪಾಯಿ. ಈ ಎರಡೂ ನಮ್ಮವು. ನಮ್ಮ ಬ್ಯಾಂಕನ್ನು ಆರಿಸಿಕೊಂಡದ್ದು ನಾವು, ದರಕ್ಕೆ ಜಗಳ ಆಡಬೇಕಾದವರೂ ನಾವು. ಆದರೆ ಮಧ್ಯದಲ್ಲಿ ಹೋದ 25 ಡಾಲರ್, ಅಂದರೆ 2,230 ರೂಪಾಯಿ, ಕ್ಲೈಂಟ್ ಕೊಡಬೇಕಾದ ಹಣ ನಮ್ಮ ಬ್ಯಾಂಕಿಗೆ ತಲುಪೋ ಮುಂಚೆಯೇ ಕರಗಿದ್ದು. ಅದು ಅವನ ಖರ್ಚು. ಗೆರೆ ಎಳೆಯಬೇಕಾದ್ದು ಇಲ್ಲಿ, ನಮ್ಮ ಬ್ಯಾಂಕಿನ ಬಾಗಿಲಲ್ಲಿ.

ಸರಿ, ಹಾಗಾದರೆ ಇನ್‌ವಾಯ್ಸಿನಲ್ಲಿ `OUR` ಅಂತ ಬರೆದರೆ ಮುಗೀತಾ? ಇಲ್ಲ. ಅಮೆರಿಕದ ಎಷ್ಟೋ ಬ್ಯಾಂಕುಗಳ ಆನ್‌ಲೈನ್ ಪರದೆಯಲ್ಲಿ ಆ ಆಯ್ಕೆಯೇ ಕಾಣಲ್ಲ. ಕಂಡರೂ, ಡಾಲರ್ ಪಾವತಿಯಲ್ಲಿ `OUR` ಅಂತ ಬರೆದಿದ್ದನ್ನು ಕಡೆಗಣಿಸಿ ಮಧ್ಯವರ್ತಿ ಮುರಿದುಕೊಳ್ಳೋದು ಉಂಟು. ಅದಕ್ಕೇ ದೊಡ್ಡ ಬ್ಯಾಂಕುಗಳು "ಗ್ಯಾರಂಟಿ `OUR`" ಅಂತ ಬೇರೆ ಸೇವೆಯನ್ನೇ ಮಾರುತ್ತವೆ! ಆದ್ದರಿಂದ ಕೋಡ್ ಒಂದನ್ನೇ ನಂಬಬೇಡಿ. ತಲುಪಬೇಕಾದ ಮೊತ್ತ ಬರೆಯಿರಿ, ಕಮ್ಮಿ ಬಂದರೆ ಏನು ಅಂತಲೂ ಬರೆಯಿರಿ.

```
Currency: USD only
Charges: OUR
Amount to be credited: USD 2,000.00
Shortfall: added to next invoice
```

ಮೊದಲ ಸಾಲು ಸುಮ್ಮನೆ ಇಟ್ಟದ್ದಲ್ಲ. ಡಾಲರ್ ಇನ್‌ವಾಯ್ಸಿಗೂ "ರೂಪಾಯಿಯಲ್ಲೇ ಕಳಿಸಿ, ಫೀ ಕಮ್ಮಿ" ಅಂತ ಕ್ಲೈಂಟಿನ ಬ್ಯಾಂಕು ಆಸೆ ತೋರಿಸತ್ತೆ. ಫೀ ಬಿಟ್ಟದ್ದನ್ನು ಅದು ದರದಲ್ಲಿ ವಸೂಲು ಮಾಡತ್ತೆ, ಆ ದರದ ಮೇಲೆ ನಿಮಗೆ ಯಾವ ಹಿಡಿತವೂ ಇಲ್ಲ. ಜೊತೆಗೆ ಜಿಎಸ್‌ಟಿಯಲ್ಲಿ ಸೇವೆಯ ರಫ್ತು ಅನ್ನಿಸಿಕೊಳ್ಳಲು ಹಣ ವಿನಿಮಯಕ್ಕೆ ಒಪ್ಪುವ ವಿದೇಶಿ ಕರೆನ್ಸಿಯಲ್ಲಿ ಬರಬೇಕು, ಇಲ್ಲವೇ ರಿಸರ್ವ್ ಬ್ಯಾಂಕ್ ಅನುಮತಿಸಿದ ಸಂದರ್ಭದಲ್ಲಿ ಮಾತ್ರ ರೂಪಾಯಿಯಲ್ಲಿ. ಆಮೇಲೆ ಆಡಿಟರ್ ಹತ್ರ ತಲೆ ಕೆರೆದುಕೊಳ್ಳೋದಕ್ಕಿಂತ ಮೊದಲೇ ಒಂದು ಸಾಲು ಬರೆಯೋದು ಸುಲಭ ಅಲ್ವಾ?

ಇದೇ ಮಾತು ಕೆಲಸ ಒಪ್ಪಿಕೊಳ್ಳುವ ಮೊದಲು ಒಪ್ಪಂದದಲ್ಲೂ ಇರಲಿ. ಕೆಲಸ ಮುಗಿದ ಮೇಲೆ ಇನ್‌ವಾಯ್ಸಿನಲ್ಲಿ ಮೊದಲ ಬಾರಿ ಕಂಡರೆ ಅದು ಷರತ್ತಲ್ಲ, ವಿನಂತಿ. ಕ್ಲೈಂಟ್ ಒಪ್ಪಲಿಲ್ಲ ಅನ್ನಿ, ಪರವಾಗಿಲ್ಲ, ಕೆಲಸದ ದರದಲ್ಲೇ ಅದನ್ನು ಸೇರಿಸಿ ಹೇಳಿ. ಆದರೆ ದಾರಿ ಬದಲಾದ ಹಾಗೆ ಕಡಿತವೂ ಬದಲಾಗತ್ತೆ ಅನ್ನೋದು ನೆನಪಿರಲಿ. ನಿಮ್ಮ ಹೆಸರಿಗೆ ಅಮೆರಿಕದ್ದೇ ಖಾತೆ ವಿವರ ಕೊಡುವ ಸೇವೆಗಳ ಮೂಲಕ ಪಡೆದರೆ ಈ ಮಧ್ಯವರ್ತಿಗಳ ಕಾಟ ತಪ್ಪತ್ತೆ ನಿಜ, ಅವರದ್ದೂ ಒಂದು ಫೀ, ಒಂದು ದರ ಇದ್ದೇ ಇರತ್ತೆ. ಅದು ಯಾರದು ಅಂತಲೂ ಬರೆಯಲೇಬೇಕು.

"ಚಿಲ್ಲರೆ ದುಡ್ಡು" ಅನ್ನೋರಿಗೆ ಕೊನೆಯ ಮಾತು. ಈ ಕಡಿತ ಸಾಮಾನ್ಯವಾಗಿ ಮೊತ್ತ ನೋಡಿ ಬರಲ್ಲ. ಎರಡು ಸಾವಿರಕ್ಕೆ 25 ಹೋದರೆ ಶೇಕಡಾ ಒಂದೂ ಕಾಲು. ಈಗಷ್ಟೇ ಶುರು ಮಾಡಿ 300 ಡಾಲರಿನ ಲೋಗೋ ಮಾಡಿಕೊಟ್ಟ ಹುಡುಗಿಗೆ ಅದೇ 25 ಅಂದರೆ ಶೇಕಡಾ ಎಂಟಕ್ಕೂ ಜಾಸ್ತಿ. ದೊಡ್ಡ ಇನ್‌ವಾಯ್ಸಿನವರು ನಾಚಿಕೊಂಡು ಸುಮ್ಮನಿದ್ದು ಕ್ಲೈಂಟುಗಳಿಗೆ ಅದನ್ನೇ ಅಭ್ಯಾಸ ಮಾಡಿಸಿದರೆ, ನಿಜವಾಗಿ ಕಳೆದುಕೊಳ್ಳೋದು ಅವಳು.

ನಿಮ್ಮ ಇನ್‌ವಾಯ್ಸಿನಲ್ಲಿ ಏನು ಬರೆದಿದ್ದೀರಿ, ದಾರಿಯಲ್ಲಿ ಎಷ್ಟು ಹೋಯ್ತು, ಕಮೆಂಟಿನಲ್ಲಿ ಹಾಕಿ. ನಾನು ಹೇಳಿದ್ದು ತಪ್ಪು ಅನ್ನಿಸಿದರೆ ಜಗಳಕ್ಕೂ ಬನ್ನಿ. ಬರೋವಾಗ ಆ ಮೂರು ಸಾಲು ಹಿಡಿದುಕೊಂಡೇ ಬನ್ನಿ :-)